ಬಾವಿ, ಕಡವು ಮತ್ತು ನಮ್ಮ ಸಂವಿಧಾನ: ಗಣರಾಜ್ಯೋತ್ಸವದ ಸಂದೇಶ

ನಮ್ಮ ಶಾಲೆಯ ವಿದ್ಯಾರ್ಥಿಗಳಿಗೆ, ಪೋಷಕರಿಗೆ, ಅಧ್ಯಾಪಕ ಬಂಧುಗಳಿಗೆ ಮತ್ತು ಹಳೆ ವಿದ್ಯಾರ್ಥಿಗಳಿಗೆ 77ನೇ ಗಣರಾಜ್ಯೋತ್ಸವದ ಹಾರ್ದಿಕ ಶುಭಾಶಯಗಳು.

ಇಂದು ಬೆಳಿಗ್ಗೆ ಶಾಲಾ ಮೈದಾನದಲ್ಲಿ ಧ್ವಜಾರೋಹಣ ಮುಗಿದ ಬಳಿಕ ನಾವೆಲ್ಲರೂ ಸಂವಿಧಾನದ ಪೀಠಿಕೆಯನ್ನು ಒಟ್ಟಾಗಿ ಓದಿದೆವು. ಪ್ರಾರ್ಥನೆಯ ಹೊತ್ತಿನಲ್ಲಿ ಓದಿ ಓದಿ ನಮ್ಮ ಮಕ್ಕಳಿಗೆ ಅದು ಬಾಯಿಪಾಠವಾಗಿದೆ. ಬಾಯಿಪಾಠವಾದ ಮಾತು ಅರ್ಥದಿಂದ ಜಾರಿಹೋಗುವ ಅಪಾಯವೂ ಇರುವುದರಿಂದ, ಈ ದಿನ ಭಾಷಣದ ಬದಲು ಇದೇ ತಿಂಗಳು ನಮ್ಮ ಶಾಲೆಯಲ್ಲಿ ನಡೆದ ಎರಡು ಸಂಗತಿಗಳನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಬಯಸುತ್ತೇನೆ.

ಮೊದಲನೆಯದು ಎಂಟನೆಯ ತರಗತಿಯಲ್ಲಿ ನಡೆದದ್ದು. ಸಮಾಜ ವಿಜ್ಞಾನದ ಟೀಚರ್ ರಜೆಯಲ್ಲಿದ್ದುದರಿಂದ ಮೂಲಭೂತ ಹಕ್ಕುಗಳ ಪಾಠವನ್ನು ನಾನು ತೆಗೆದುಕೊಂಡಿದ್ದೆ. ಸಂವಿಧಾನದ 15ನೆಯ ವಿಧಿಯನ್ನು ಓದಿ ಹೇಳಿದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿ ಹೋಟೆಲುಗಳ ಒಳಗೆ ಬಾರದಂತೆ ತಡೆಯಬಾರದು, ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಬಳಸದಂತೆ ತಡೆಯಬಾರದು ಎಂದು ಆ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, "ಬಾವಿಯ ವಿಷಯವನ್ನೆಲ್ಲ ಸಂವಿಧಾನದಲ್ಲಿ ಯಾಕೆ ಬರೆದರು ಟೀಚರ್?" ಎಂದು ಕೇಳಿದ. ಮನೆಯಂಗಳದಲ್ಲೇ ಬಾವಿ ಇರುವ ಊರಿನ ಮಗುವಿಗೆ ಅದು ತೀರಾ ಸಣ್ಣ ವಿಷಯವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಉತ್ತರ ಹೇಳಲು ನಾನು ದೂರ ಹೋಗಬೇಕಾಗಲಿಲ್ಲ. ನಮ್ಮ ನಗರದ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ, ಅಲ್ಲಿ ನಮ್ಮ ಮಕ್ಕಳು ಹಾಡಿದ್ದಾರೆ, ಕುಣಿದಿದ್ದಾರೆ. ವಕೀಲರಾಗಿದ್ದ ರಂಗರಾಯರು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇದೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು ಮತ್ತು ಅದಕ್ಕಾಗಿ ಸ್ವಂತ ಸಮುದಾಯದವರ ಬಹಿಷ್ಕಾರವನ್ನೂ ಎದುರಿಸಿದರು. ಅಕ್ಷರ ಕಲಿಸಿದ ತಪ್ಪಿಗೆ ಮನುಷ್ಯನೊಬ್ಬನನ್ನು ದೂರವಿಡುತ್ತಿದ್ದ ಕಾಲದಲ್ಲಿ, ಬಾವಿಯಿಂದ ಒಂದು ಕೊಡ ನೀರು ಸೇದುವುದು ಎಷ್ಟು ಜನರಿಗೆ ನಿಷಿದ್ಧವಾಗಿತ್ತು ಎಂಬುದನ್ನು ನಾನು ವಿವರಿಸಿದಾಗ ಇಡೀ ತರಗತಿ ಮೌನವಾಯಿತು. ಸಂವಿಧಾನವನ್ನು ಬರೆದವರಿಗೆ ಬಾವಿ ಸಣ್ಣ ವಿಷಯವಾಗಿರಲಿಲ್ಲ. ಸಮಾನತೆ ಎಂಬ ದೊಡ್ಡ ಮಾತನ್ನು ಪೀಠಿಕೆಯಲ್ಲಿ ಬರೆದ ಕೈಗಳೇ, ಆ ಸಮಾನತೆ ಎಲ್ಲೆಲ್ಲಿ ಮುರಿದುಬೀಳುತ್ತದೆ ಎಂಬುದನ್ನು ಅರಿತು, ಬಾವಿಕಟ್ಟೆಯವರೆಗೂ ಬಂದು ಅದನ್ನು ಕಾಯ್ದವು. ಮುಂದಿನ ಪುಟದಲ್ಲಿ, 17ನೆಯ ವಿಧಿಯಲ್ಲಿ, ಅಸ್ಪೃಶ್ಯತೆಯನ್ನೇ ನಿರ್ಮೂಲಗೊಳಿಸಿದವು.

ಎರಡನೆಯ ಸಂಗತಿ ಏಳನೆಯ ತರಗತಿಯ ಮಕ್ಕಳದು. ಹೊಸ ವರ್ಷದ ಮೊದಲ ವಾರದಲ್ಲಿ ತಮ್ಮ ತರಗತಿಗೆ ತಾವೇ ನಿಯಮಗಳನ್ನು ಬರೆದುಕೊಳ್ಳುವಂತೆ ಅವರಿಗೆ ಹೇಳಿದ್ದೆವು. ಚಾರ್ಟ್ ಪೇಪರಿನ ಮೇಲೆ ಒಂಬತ್ತು ನಿಯಮಗಳು ಮೂಡಿದವು. ಆರನೆಯದು, "ತಡವಾಗಿ ಬಂದವರು ಮೊದಲ ಪೀರಿಯಡ್ ಮುಗಿಯುವವರೆಗೆ ಹೊರಗೆ ನಿಲ್ಲಬೇಕು" ಎಂದಿತ್ತು. ಕೈ ಎತ್ತಿಸಿದಾಗ ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಒಪ್ಪಿದರು. ಕೈ ಎತ್ತದೆ ಕುಳಿತವಳು ತಣ್ಣೀರುಬಾವಿ ಕಡೆಯಿಂದ ಸುಲ್ತಾನ್ ಬತ್ತೇರಿಗೆ ಕಡವು ದಾಟಿ ಬರುವ ಹುಡುಗಿ. ಅವಳು ಎದ್ದು, "ನಾನು ಎಷ್ಟು ಬೇಗ ಬಂದು ನಿಂತರೂ ದೋಣಿ ಬಿಡುವುದು ನನ್ನ ಕೈಯಲ್ಲಿಲ್ಲ" ಎಂದಷ್ಟೇ ಹೇಳಿದಳು.

ಎಲ್ಲರೂ ಒಪ್ಪಿದ ಮೇಲೆ ಮುಗಿಯಿತಲ್ಲ ಎಂದು ಕೆಲವರು ವಾದಿಸಿದರು. ಅಲ್ಲಿಂದ ಆರಂಭವಾದ ಚರ್ಚೆ ಎರಡು ಪೀರಿಯಡ್‌ಗಳನ್ನು ತೆಗೆದುಕೊಂಡಿತು. ಗಣಿತದ ಪಾಠ ಆ ದಿನ ಹಿಂದೆ ಬಿದ್ದುದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಏಕೆಂದರೆ ಬಹುಮತವೊಂದೇ ನ್ಯಾಯವಲ್ಲ ಎಂಬ ಅರಿವು ನಮ್ಮ ಸಂವಿಧಾನದ ಮೂರನೆಯ ಭಾಗದ ಜೀವಾಳ. ಎಷ್ಟೇ ಕೈಗಳು ಮೇಲೆದ್ದರೂ ಒಬ್ಬ ವ್ಯಕ್ತಿಯ ಮೂಲಭೂತ ಹಕ್ಕನ್ನು ಕಸಿಯಲಾಗದು, ಹಾಗೆ ಕಸಿದರೆ ಆ ಒಬ್ಬನೇ ನೇರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬಹುದು. ಅದಕ್ಕೆ ಅವಕಾಶ ಕೊಡುವ 32ನೆಯ ವಿಧಿಯನ್ನು ಡಾ. ಅಂಬೇಡ್ಕರ್ ಅವರು ಸಂವಿಧಾನದ ಹೃದಯ ಮತ್ತು ಆತ್ಮ ಎಂದು ಕರೆದಿದ್ದರು.

ಕೊನೆಗೆ ಮಕ್ಕಳೇ ಆರನೆಯ ನಿಯಮವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಜಾಗ ಸಾಲದ ಕಾರಣ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಹೀಗೆ ಬರೆದರು: "ತಡವಾಗಿ ಬಂದವರ ಕಾರಣವನ್ನು ಮೊದಲು ಕೇಳಬೇಕು. ಕೇಳದೆ ಶಿಕ್ಷೆ ಕೊಡಬಾರದು." ಈ ವಾಕ್ಯವನ್ನು ಸೂಚಿಸಿದವನು, ಹೊಡೆದುಹಾಕಿದ ಆ ನಿಯಮವನ್ನು ಎಲ್ಲರಿಗಿಂತ ಗಟ್ಟಿಯಾಗಿ ಸಮರ್ಥಿಸಿದ್ದ ಹುಡುಗನೇ.

ಬರೆದದ್ದನ್ನು ತಿದ್ದಲು ಒಪ್ಪುವ ಈ ಗುಣದ ಬಗ್ಗೆ ಹೇಳುವಾಗ ನಮ್ಮೂರಿನ ಇನ್ನೊಬ್ಬರನ್ನು ನೆನೆಯದೆ ಇರಲಾರೆ. ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು 1887ರಲ್ಲಿ ಮಂಗಳೂರಿನಲ್ಲಿ ಜನಿಸಿದರು, ಇಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿದರು. 1947ರ ಅಕ್ಟೋಬರ್ ವೇಳೆಗೆ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿ ಕರಡು ಸಮಿತಿಯ ಮುಂದಿಟ್ಟವರು ಅವರು. ಸಭೆಯ ಸದಸ್ಯರಲ್ಲದ ಕಾರಣ ಅವರಿಗೆ ಅಲ್ಲಿ ಮತವಿರಲಿಲ್ಲ. ಅವರ ಕರಡನ್ನು ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಸಮಿತಿ ಪರಿಶೀಲಿಸಿ ಹೊಸದಾಗಿ ರೂಪಿಸಿತು, ಅದರ ಮೇಲೆ ಸಭೆಯಲ್ಲಿ ಮಂಡನೆಯಾದ ತಿದ್ದುಪಡಿಗಳೇ 2,473. ಎರಡು ವರ್ಷ ಹನ್ನೊಂದು ತಿಂಗಳಿಗೂ ಮೀರಿದ ಆ ದೀರ್ಘ ಪ್ರಯತ್ನದ ಫಲವಾಗಿ 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾಯಿತು. ಅದರ ಹಿಂದಿನ ದಿನದ ತಮ್ಮ ಭಾಷಣದಲ್ಲಿ ಅಂಬೇಡ್ಕರ್ ಅವರು ಕೀರ್ತಿಯ ಒಂದು ಪಾಲು ನರಸಿಂಗ ರಾಯರಿಗೆ ಸಲ್ಲಬೇಕೆಂದು ಸಭೆಯ ಮುಂದೆ ಹೇಳಿದರು. ತನ್ನ ಬರಹವನ್ನು ಇತರರು ತಿದ್ದಲಿ ಎಂದು ಬಿಟ್ಟುಕೊಟ್ಟವರು ಒಬ್ಬರು, ತಿದ್ದಿದ ಮೇಲೂ ಮೊದಲು ಬರೆದವರನ್ನು ಮರೆಯದವರು ಇನ್ನೊಬ್ಬರು. ಇವರಿಬ್ಬರ ಈ ನಡೆ ನನ್ನನ್ನು ಇಂದಿಗೂ ತುಂಬಾ ಕಲಕುತ್ತದೆ.

ಅದೇ ಭಾಷಣದಲ್ಲಿ ಅಂಬೇಡ್ಕರ್ ಅವರು, ಜನವರಿ 26ರಂದು ನಾವು ವೈರುಧ್ಯಗಳ ಬದುಕಿಗೆ ಕಾಲಿಡಲಿದ್ದೇವೆ, ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ ಎಂದು ಎಚ್ಚರಿಸಿದ್ದರು. ಆ ಅಂತರವನ್ನು ತುಂಬಬೇಕಾದ ಮೌಲ್ಯ ಭ್ರಾತೃತ್ವ. ನ್ಯಾಯಕ್ಕೆ, ಸ್ವಾತಂತ್ರ್ಯಕ್ಕೆ, ಸಮಾನತೆಗೆ ಕಾನೂನಿನ ಆಸರೆಯಿದೆ. ಪಕ್ಕದಲ್ಲಿ ಕುಳಿತವನ ಜೊತೆ ಬುತ್ತಿ ಹಂಚಿಕೊಳ್ಳಿ ಎಂದು ಯಾವ ನ್ಯಾಯಾಲಯವೂ ಆದೇಶ ಹೊರಡಿಸಲಾರದು. ಆದ್ದರಿಂದ ಪೋಷಕರಲ್ಲಿ ನನ್ನದೊಂದು ಕಳಕಳಿಯ ವಿನಂತಿಯಿದೆ. ನಿಮ್ಮ ಮಗು ಯಾರ ಪಕ್ಕ ಕೂರಬೇಕು, ಯಾರ ಮನೆಗೆ ಹೋಗಬಾರದು ಎಂಬ ಮಾತು ಊಟದ ಹೊತ್ತಿನಲ್ಲಿ ಮನೆಯಲ್ಲಿ ಬಂದರೆ, ಅದು ಮರುದಿನ ಬೆಳಿಗ್ಗೆ ನಮ್ಮ ತರಗತಿಯ ಬೆಂಚಿನ ಮೇಲೆ ಬಂದು ಕುಳಿತುಕೊಳ್ಳುತ್ತದೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತನಾಡುವ ಮನೆಗಳಿಂದ ಬರುವ ಮಕ್ಕಳು ನಮ್ಮ ಅಂಗಳದಲ್ಲಿ ಒಂದೇ ಆಟ ಆಡುತ್ತಾರೆ. ಆ ಆಟವನ್ನು ಉಳಿಸಿಕೊಳ್ಳಲು ಶಾಲೆಯೊಂದಕ್ಕೇ ಸಾಧ್ಯವಿಲ್ಲ, ನೀವೂ ನಮ್ಮ ಜೊತೆ ನಿಲ್ಲಬೇಕು.

ಏಳನೆಯ ತರಗತಿಯ ಆ ಚಾರ್ಟನ್ನು ಹೊಸದಾಗಿ ಬರೆಸಿಲ್ಲ. ಕೆಂಪು ಗೆರೆ ಮತ್ತು ಅಂಚಿನ ಅಕ್ಷರಗಳ ಸಮೇತ ಅದು ಅಧ್ಯಾಪಕರ ಕೊಠಡಿಯ ಎದುರಿನ ಗೋಡೆಯಲ್ಲಿದೆ. ಈ ವಾರ ಮಕ್ಕಳನ್ನು ಕರೆದೊಯ್ಯಲು ಬರುವ ಪೋಷಕರು ದಯವಿಟ್ಟು ಒಳಗೆ ಬಂದು ಅದನ್ನು ಓದಬೇಕೆಂದು ಕೋರುತ್ತೇನೆ.

ಇತಿ ನಿಮ್ಮ,
ಪ್ರಾಂಶುಪಾಲೆ
ಮಂಗಳೂರು, 26 ಜನವರಿ 2026