ಸೋಮವಾರದ ಹಿಸ್ಟರಿ ಟೆಸ್ಟ್‌ಗೆ ನಕ್ಷೆ: ಎಂಟು ಊರು, ಊರಿಗೆರಡು ಸಾಲು

ಕಳೆದ ವಾರ ಕ್ಲಾಸಿಗೆ ಬರದವರು ಕೇಳಿದ್ದಕ್ಕೆ ನನ್ನ ನೋಟ್ಸನ್ನೇ ಬರೆದು ಹಾಕುತ್ತಿದ್ದೇನೆ. ಎಂಟರಲ್ಲಿ ಐದು ಕೇಳುತ್ತಾರೆ. ಚುಕ್ಕೆಗೆ ಒಂದು ಅಂಕ, ಟಿಪ್ಪಣಿಗೆ ಒಂದು.

ಧೋಲಾವೀರ: ಕಚ್‌ನಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತದ ಗೆರೆಗಿಂತ ಒಂದು ಕೂದಲೆಳೆ ಮೇಲೆ. ಹರಪ್ಪ ನಾಗರಿಕತೆಯ ಪಟ್ಟಣ. ಮಳೆ ನೀರು ಹಿಡಿದಿಡಲು ದೊಡ್ಡ ದೊಡ್ಡ ಕೊಳ ಕಟ್ಟಿದ್ದರು. ಹಡಗುಕಟ್ಟೆ ಅಂತ ಬರೆದುಬಿಡಬೇಡಿ, ಅದು ಲೋಥಲ್.

ಪಾಟಲಿಪುತ್ರ: ಈಗಿನ ಪಾಟ್ನಾ, ಗಂಗೆಯ ದಕ್ಷಿಣ ದಡ. ಮೌರ್ಯರ ರಾಜಧಾನಿ. ಚಂದ್ರಗುಪ್ತನ ಆಸ್ಥಾನಕ್ಕೆ ಮೆಗಾಸ್ತನೀಸ್ ಬಂದಿದ್ದ.

ಹಂಪಿ: ನಮ್ಮದೇ ಊರು ಅಂತ ಸುಮ್ನೆ ಕರ್ನಾಟಕದ ನಡುವೆ ಚುಕ್ಕೆ ಇಡುವವರೇ ಜಾಸ್ತಿ. ಗೋವಾದ ಮೇಲೆ ಸ್ಕೇಲ್ ಅಡ್ಡ ಇಟ್ಟು ನೇರ ಬಲಕ್ಕೆ ಬನ್ನಿ, ಆಂಧ್ರದ ಗಡಿ ಇನ್ನೇನು ಬಂತು ಅನ್ನುವಾಗ ನಿಲ್ಲಿ, ಅದೇ ಹಂಪಿ. ತುಂಗಭದ್ರೆಯ ದಕ್ಷಿಣ ದಡದಲ್ಲಿದೆ. 1336ರಲ್ಲಿ ಶುರುವಾದ ವಿಜಯನಗರ ಸಾಮ್ರಾಜ್ಯದ ರಾಜಧಾನಿ, 1565ರ ತಾಳೀಕೋಟೆ ಕದನದಲ್ಲಿ ಸೋತ ಮೇಲೆ ಹಾಳಾಯಿತು. ಜಾಗ ಉಳಿದರೆ ವಿರೂಪಾಕ್ಷ ಗುಡಿಯನ್ನೂ ಸೇರಿಸಿ.

ಕಲ್ಲಿಕೋಟೆ, ತಂಜಾವೂರು: ಇವೆರಡನ್ನೂ ಜೋಡಿಯಾಗಿ ನೆನಪಿಡಿ, ಹೆಚ್ಚುಕಡಿಮೆ ಒಂದೇ ಅಡ್ಡಗೆರೆಯಲ್ಲಿವೆ. ಎಡಗಡೆ ಕೇರಳದ ಕರಾವಳಿಯಲ್ಲಿ ಕಲ್ಲಿಕೋಟೆ. 1498ರಲ್ಲಿ ವಾಸ್ಕೋ ಡ ಗಾಮ ಬಂದಿಳಿದದ್ದು ಇದರ ಹತ್ತಿರ, ಆಗ ಇಲ್ಲಿ ಝಾಮೊರಿನ್ ಆಳುತ್ತಿದ್ದ. ಬಲಗಡೆ ಕಾವೇರಿ ಸಮುದ್ರ ಸೇರುವ ಕಡೆ ತಂಜಾವೂರು. ಚೋಳರ ರಾಜಧಾನಿ, ಬೃಹದೀಶ್ವರ ದೇವಾಲಯ ಕಟ್ಟಿಸಿದವನು ಒಂದನೇ ರಾಜರಾಜ. ರಾಜೇಂದ್ರ ಅಲ್ಲ, ಅವನು ಮಗ.

ಮೀರತ್: ದೆಹಲಿಯ ಚುಕ್ಕೆಯ ಪಕ್ಕದಲ್ಲೇ, ಸ್ವಲ್ಪ ಮೇಲೆ, ಬಲಕ್ಕೆ. 1857ರ ಮೇ 10ರಂದು ಸಿಪಾಯಿಗಳು ಇಲ್ಲಿ ದಂಗೆ ಎದ್ದು ದೆಹಲಿಗೆ ಹೊರಟರು. ಬ್ಯಾರಕ್‌ಪುರ ಬೇರೆ, ಮಂಗಲ್ ಪಾಂಡೆ ದಂಗೆ ಎದ್ದದ್ದು ಅಲ್ಲಿ.

ಅಮೃತಸರ: ಪಂಜಾಬಿನಲ್ಲಿ, ಪಾಕಿಸ್ತಾನದ ಗಡಿಗೆ ತಾಗಿದ ಹಾಗೆ. 1919ರ ಏಪ್ರಿಲ್ 13, ಜಲಿಯನ್ ವಾಲಾಬಾಗ್‌ನಲ್ಲಿ ಸೇರಿದ್ದ ಜನರ ಮೇಲೆ ಜನರಲ್ ಡಯರ್ ಗುಂಡು ಹಾರಿಸಿದ.

ದಂಡಿ: ಹೋದ ಟೆಸ್ಟ್‌ನಲ್ಲಿ ನನ್ನ ಅಂಕ ತಿಂದ ಊರು ಇದೇ. ಗಾಂಧಿ, ಗುಜರಾತ್, ಸಮುದ್ರ ಅಂದಾಗ ಕೈ ತಾನಾಗಿ ಪೋರಬಂದರಿನ ಕಡೆ ಹೋಯಿತು, ಸೌರಾಷ್ಟ್ರದ ಹೊಟ್ಟೆ ಮುಂದೆ ಬಂದಿದೆಯಲ್ಲ, ಅದರ ತುದಿಯಲ್ಲೇ ಚುಕ್ಕೆ ಇಟ್ಟುಬಿಟ್ಟೆ. ದಂಡಿ ಇರುವುದು ಆ ಹೊಟ್ಟೆಯ ಆಚೆ ಬದಿ, ಖಂಬಾತ್ ಕೊಲ್ಲಿ ದಾಟಿ, ಸೂರತ್‌ಗಿಂತ ಕೆಳಗೆ. 1930ರ ಮಾರ್ಚ್ 12ಕ್ಕೆ ಸಬರಮತಿಯಿಂದ ನಡೆದು ಹೊರಟ ಗಾಂಧೀಜಿ ಏಪ್ರಿಲ್ 6ರಂದು ಇಲ್ಲಿ ಉಪ್ಪು ಎತ್ತಿ ಕಾನೂನು ಮುರಿದರು. ದಿನಾಂಕ ಸರಿ ಬರೆದಿದ್ದಕ್ಕೆ ಟಿಪ್ಪಣಿಯ ಒಂದು ಅಂಕ ಬಂತು, ಚುಕ್ಕೆಗೆ ಸೊನ್ನೆ.

ಹೆಸರನ್ನು ಚುಕ್ಕೆಯ ಮೇಲೆ ತುರುಕಬೇಡಿ. ಸಮುದ್ರದ ಕಡೆ ಖಾಲಿ ಜಾಗ ಬೇಕಾದಷ್ಟಿದೆ, ಅಲ್ಲಿ ಬರೆದು ಬಾಣ ಎಳೆಯಿರಿ. ಪೆನ್ಸಿಲ್ ಚೂಪಾಗಿರಲಿ, ಮೀರತ್‌ಗೆ ಇಟ್ಟ ಚುಕ್ಕೆ ದೆಹಲಿಯನ್ನೂ ನುಂಗಿದರೆ ಮೇಷ್ಟ್ರು ಎರಡಕ್ಕೂ ಅಡ್ಡಗೆರೆ ಹಾಕುತ್ತಾರೆ.