ಶೇಷ ಉಳಿಯುವ ಭಾಗಾಕಾರ: ಅಭ್ಯಾಸ ಹಾಳೆಯ ಮೂರು ಲೆಕ್ಕಗಳು

ನಮಸ್ಕಾರ. ನಾಲ್ಕನೇ ತರಗತಿಯ ಅಭ್ಯಾಸ ಹಾಳೆಯ ಫೋಟೋ ತಲುಪಿದೆ. ನಿಮ್ಮ ಮಗಳು ಬರೆದ ಮೂರು ಲೆಕ್ಕಗಳನ್ನೂ ಗಮನವಿಟ್ಟು ನೋಡಿದ್ದೇನೆ. ಅವಳಿಗೆ 6ರ ಮಗ್ಗಿ ಚೆನ್ನಾಗಿ ಬರುತ್ತದೆ, ಕಳೆಯುವುದರಲ್ಲಿಯೂ ತಪ್ಪಿಲ್ಲ. ಆದ್ದರಿಂದ ಮಗ್ಗಿಯನ್ನು ಮತ್ತೆ ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ. ಪ್ರತಿ ಅಂಕಿಯೂ ಯಾವ ಸ್ಥಾನದಲ್ಲಿದೆ ಎಂಬುದನ್ನು ಅವಳು ಹೇಳುತ್ತಾ ಭಾಗಿಸುವಂತೆ ಮಾಡಿದರೆ ಸಾಕು.

ಮೊದಲ ಲೆಕ್ಕ 847 ÷ 6. ಇಲ್ಲಿ 847 ಭಾಜ್ಯ, 6 ಭಾಜಕ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೂರರ 8 ನೋಟು, ಹತ್ತರ 4 ನೋಟು ಮತ್ತು ಒಂದು ರೂಪಾಯಿಯ 7 ನಾಣ್ಯಗಳನ್ನು ಆರು ಜನರಿಗೆ ಸಮನಾಗಿ ಹಂಚುತ್ತಿದ್ದೇವೆ ಎಂದು ಹೇಳಿ. ನೂರರ ನೋಟು ತಲಾ ಒಂದರಂತೆ ಆರು ಹೋಗಿ ಎರಡು ಉಳಿಯುತ್ತವೆ. ಆ ಎರಡನ್ನು ಚಿಲ್ಲರೆ ಮಾಡಿಸಿದರೆ ಹತ್ತರ 20 ನೋಟುಗಳಾಗುತ್ತವೆ. ಮೊದಲೇ ಇದ್ದ 4 ಸೇರಿ 24. ಪುಸ್ತಕದಲ್ಲಿ ಉಳಿದ 2ರ ಪಕ್ಕಕ್ಕೆ 4ನ್ನು ಕೆಳಗಿಳಿಸುವುದೆಂದರೆ ಇದೇ. ಮಕ್ಕಳು ಇದನ್ನು ಬರಿಯ ಕೈಚಳಕವಾಗಿ ಕಲಿತುಬಿಡುತ್ತಾರೆ, ಮುಂದಿನ ತೊಡಕುಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ. ಹತ್ತರ 24 ನೋಟುಗಳು ತಲಾ 4ರಂತೆ ಪೂರ್ತಿ ಹಂಚಿಹೋಗುತ್ತವೆ. ಕೊನೆಗೆ 7 ನಾಣ್ಯಗಳಲ್ಲಿ ತಲಾ ಒಂದು ಕೊಟ್ಟು ಒಂದು ಉಳಿಯುತ್ತದೆ.

```
6 ) 847 ( 141
    6
    --
    24
    24
    --
     07
      6
     --
      1
```

ಭಾಗಲಬ್ಧ 141, ಶೇಷ 1. ಫೋಟೋದಲ್ಲಿ ಅವಳು ಭಾಗಲಬ್ಧ 140, ಶೇಷ 7 ಎಂದು ಬರೆದಿದ್ದಾಳೆ. 24ರಲ್ಲಿ 24 ಕಳೆದು ಸೊನ್ನೆ ಬಂದ ಕೂಡಲೇ ಲೆಕ್ಕ ಮುಗಿಯಿತೆಂದು ಭಾವಿಸಿ, ಕೆಳಗಿಳಿಸಿದ 7ನ್ನು ಭಾಗಿಸದೆ ಹಾಗೆಯೇ ಶೇಷವೆಂದು ಬರೆದಿರಬೇಕು. ಕೈಯಲ್ಲಿ 7 ನಾಣ್ಯಗಳಿದ್ದು ಆರು ಜನ ಎದುರಿಗಿದ್ದರೆ ಇನ್ನೊಂದು ಸುತ್ತು ಹಂಚಬಹುದಲ್ಲವೇ ಎಂದು ಕೇಳಿ. ಉತ್ತರ ಅವಳಿಂದಲೇ ಬರುತ್ತದೆ. ಶೇಷವು ಯಾವಾಗಲೂ ಭಾಜಕಕ್ಕಿಂತ ಚಿಕ್ಕದಾಗಿರಬೇಕು ಎಂಬ ನಿಯಮದ ಅರ್ಥ ಇದು.

ಎರಡನೆಯದಾದ 615 ÷ 6 ಈ ಹಾಳೆಯಲ್ಲಿ ಅತ್ಯಂತ ಕಠಿಣವಾದದ್ದು, ಇದಕ್ಕೆ ಹೆಚ್ಚು ಸಮಯ ಕೊಡಿ. ಅವಳ ಉತ್ತರ ಭಾಗಲಬ್ಧ 12, ಶೇಷ 3. ನೂರರ ಆರು ನೋಟುಗಳು ತಲಾ ಒಂದರಂತೆ ಮುಗಿಯುತ್ತವೆ. ಆಮೇಲೆ ಹತ್ತರ ನೋಟು ಇರುವುದು ಒಂದೇ. ಆರು ಜನರಲ್ಲಿ ಯಾರಿಗೂ ಒಂದು ಪೂರ್ತಿ ನೋಟು ಸಿಗುವುದಿಲ್ಲ. ಸಿಗಲಿಲ್ಲ ಎಂಬುದನ್ನೂ ಬರೆಯಬೇಕು, ಅದಕ್ಕಾಗಿ ಭಾಗಲಬ್ಧದ ಹತ್ತರ ಸ್ಥಾನದಲ್ಲಿ 0 ಬರುತ್ತದೆ. ಅವಳು ಆ ಸೊನ್ನೆಯನ್ನು ಬಿಟ್ಟು ನೇರವಾಗಿ 5ನ್ನು ಕೆಳಗಿಳಿಸಿ 15 ಮಾಡಿಕೊಂಡಿದ್ದಾಳೆ. 15ರಲ್ಲಿ ಆರೆರಡ್ಲ ಹನ್ನೆರಡು ಹೋಗಿ ಮೂರು ಉಳಿಯುವುದನ್ನು ಸರಿಯಾಗಿಯೇ ಕಂಡುಹಿಡಿದಿದ್ದಾಳೆ. ಸರಿಯಾದ ಉತ್ತರ ಭಾಗಲಬ್ಧ 102, ಶೇಷ 3. ಒಂದು ಅಂಕಿಯನ್ನು ಕೆಳಗಿಳಿಸಿದ ಪ್ರತಿ ಸಲವೂ ಭಾಗಲಬ್ಧದಲ್ಲಿ ಒಂದು ಅಂಕಿ ಬರೆಯಲೇಬೇಕು, ಅದು ಸೊನ್ನೆಯಾದರೂ ಸರಿ ಎಂದು ರೂಢಿ ಮಾಡಿಸಿ. 600 ರೂಪಾಯಿಗಿಂತ ಹೆಚ್ಚು ಹಣವನ್ನು ಆರು ಜನರಿಗೆ ಹಂಚಿದರೆ ಒಬ್ಬರಿಗೆ ಬರಿಯ 12 ಬರುವುದು ಸಾಧ್ಯವೇ ಎಂದು ಮೊದಲೇ ಅಂದಾಜು ಕೇಳುವುದೂ ಒಳ್ಳೆಯದು.

ತಾಳೆ ನೋಡುವ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಭಾಜಕ × ಭಾಗಲಬ್ಧ + ಶೇಷ = ಭಾಜ್ಯ ಎಂಬ ಸೂತ್ರದಿಂದ ಎರಡನೆಯ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ, ಏಕೆಂದರೆ 6 × 12 + 3 = 75 ಆಗುತ್ತದೆಯೇ ಹೊರತು 615 ಆಗುವುದಿಲ್ಲ. ಆದರೆ ಮೊದಲ ಲೆಕ್ಕದಲ್ಲಿ 6 × 140 + 7 = 847 ಎಂದು ಸರಿಯಾಗಿಯೇ ಬರುತ್ತದೆ; ಅಲ್ಲಿ ತಪ್ಪನ್ನು ತೋರಿಸುವುದು ಶೇಷವನ್ನು ಭಾಜಕದೊಡನೆ ಹೋಲಿಸಿದಾಗ ಮಾತ್ರ. ಹಾಗಾಗಿ ಎರಡೂ ಪರೀಕ್ಷೆಗಳನ್ನು ಮಾಡಿಸಬೇಕು.

ಮೂರನೆಯ ಲೆಕ್ಕದಲ್ಲಿ, ತಲಾ 8 ಮಕ್ಕಳು ಹಿಡಿಸುವ ವ್ಯಾನುಗಳು 125 ಮಕ್ಕಳಿಗೆ ಎಷ್ಟು ಬೇಕು ಎಂದು ಕೇಳಿದ್ದಾರೆ. ಭಾಗಲಬ್ಧ 15, ಶೇಷ 5 ಎಂದು ಅವಳು ಭಾಗಿಸಿರುವುದು ಪೂರ್ತಿ ಸರಿ. ಆದರೆ ಉತ್ತರವನ್ನು 15 ವ್ಯಾನು ಎಂದು ಬರೆದಿದ್ದಾಳೆ. ಉಳಿದ ಐದು ಮಕ್ಕಳಿಗೂ ವ್ಯಾನು ಬೇಕಾದ್ದರಿಂದ ಉತ್ತರ 16. ಇದೇ ಅಂಕಿಗಳಲ್ಲಿ 125 ಮೀಟರ್ ಹಗ್ಗದಿಂದ 8 ಮೀಟರಿನ ತುಂಡುಗಳು ಎಷ್ಟು ಸಿಗುತ್ತವೆ ಎಂದು ಕೇಳಿದ್ದರೆ ಉತ್ತರ 15 ಎಂದೇ ಆಗುತ್ತಿತ್ತು. ಶೇಷವನ್ನು ಏನು ಮಾಡಬೇಕೆಂದು ಪ್ರಶ್ನೆಯನ್ನು ಮತ್ತೊಮ್ಮೆ ಓದಿಯೇ ತೀರ್ಮಾನಿಸಬೇಕು.

ಅವಳು ಬರೆದದ್ದನ್ನು ಅಳಿಸಬೇಡಿ. ಪಕ್ಕದಲ್ಲಿ ಹೊಸದಾಗಿ ಮಾಡಲಿ. ಅನಂತರ 529 ÷ 5 ಮತ್ತು 730 ÷ 7 ಕೊಡಿ. ಎರಡರಲ್ಲಿಯೂ ಹತ್ತರ ಸ್ಥಾನದಲ್ಲಿ ಸೊನ್ನೆ ಬರುತ್ತದೆ. ಉತ್ತರಗಳು ಕ್ರಮವಾಗಿ ಭಾಗಲಬ್ಧ 105, ಶೇಷ 4 ಮತ್ತು ಭಾಗಲಬ್ಧ 104, ಶೇಷ 2.