ಅಗರಬತ್ತಿ ಪೆಟ್ಟಿಗೆ ಮುದ್ರಣ ಖಾತೆಯ ಹಸ್ತಾಂತರ ಮತ್ತು ವಿದಾಯ

ಮಾನ್ಯ ಗ್ರಾಹಕರೇ ಮತ್ತು ಸರಬರಾಜುದಾರರೇ,

ನಮ್ಮ ಮುದ್ರಣಾಲಯದಲ್ಲಿ ಮೈಸೂರಿನ ಅಗರಬತ್ತಿ ಪೆಟ್ಟಿಗೆಗಳ ಖಾತೆಯನ್ನು ನೋಡಿಕೊಳ್ಳುತ್ತಿದ್ದ ನಾನು ಸೆಪ್ಟೆಂಬರ್ 30ರಂದು ಕೆಲಸದಿಂದ ಬಿಡುಗಡೆ ಹೊಂದುತ್ತಿದ್ದು, ಮರುದಿನದಿಂದ ಶ್ರೀಮತಿ ಸವಿತಾ ಅವರು ಈ ಹೊಣೆಯನ್ನು ವಹಿಸಿಕೊಳ್ಳಲಿದ್ದಾರೆ.

ಗ್ರಾಹಕರ ಸಹಿಯಿರುವ ಬಣ್ಣದ ಮಾದರಿಗಳು, ಡೈಗಳು ಮತ್ತು ದೀಪಾವಳಿಯ ಆರ್ಡರುಗಳ ಪಟ್ಟಿಯನ್ನು ಅವರಿಗೆ ಒಪ್ಪಿಸಿದ್ದೇನೆ. ಶ್ರೀಗಂಧದ ಬತ್ತಿಯ ಪೆಟ್ಟಿಗೆಯ ಕಡುಗೆಂಪು ಬಣ್ಣವು ವಾರ್ನಿಷ್ ಬಿದ್ದ ಮೇಲೆ ತುಸು ಕಪ್ಪಾಗಿ ಕಾಣುವುದರಿಂದ, ವಾರ್ನಿಷ್ ಹಚ್ಚಿದ ಹಾಳೆಯನ್ನೇ ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಗೆ ಕೊಡುವ ಪದ್ಧತಿಯನ್ನು ದಯವಿಟ್ಟು ಮುಂದುವರಿಸಿ. ಈ ಒಂದು ವಿಷಯದಲ್ಲಿ ನಾನು ಹಟಮಾರಿ ಎಂಬುದು ತಮಗೆಲ್ಲ ಗೊತ್ತು.

ಕಾಗದ, ಬೋರ್ಡು ಮತ್ತು ಶಾಯಿ ಪೂರೈಸುವವರ ಬಾಕಿ ಬಿಲ್ಲುಗಳನ್ನು ಲೆಕ್ಕಪತ್ರ ವಿಭಾಗದೊಂದಿಗೆ ತಾಳೆ ನೋಡಲಾಗಿದ್ದು, ಸಣ್ಣ ಉದ್ಯಮಗಳ ವಿಷಯದಲ್ಲಿ ಕಾನೂನು ವಿಧಿಸಿರುವ 45 ದಿನಗಳ ಗರಿಷ್ಠ ಮಿತಿಯೊಳಗೇ ಅವು ಪಾವತಿಯಾಗಲಿವೆ. ಒಪ್ಪಿದ ದರಗಳಲ್ಲಿ ಬದಲಾವಣೆಯಿಲ್ಲ. ಫೋನಿನಲ್ಲಷ್ಟೇ ಮಾತಾಗಿ ಬರಹಕ್ಕೆ ಇಳಿಯದ ಒಪ್ಪಂದವೇನಾದರೂ ಇದ್ದರೆ 25ರೊಳಗೆ ನಮ್ಮಿಬ್ಬರಿಗೂ ಬರೆದು ತಿಳಿಸಬೇಕೆಂದು ಕೋರುತ್ತೇನೆ.

ಹಬ್ಬದ ಮುಂಚಿನ ರಾತ್ರಿಗಳಲ್ಲೂ ಕರೆ ಸ್ವೀಕರಿಸಿ, ಲಾರಿ ತಡವಾದಾಗ ಗೋದಾಮಿನ ಬಾಗಿಲು ತೆರೆದಿಟ್ಟು ಕಾದ ತಮ್ಮೆಲ್ಲರಿಗೂ ಹೃತ್ಪೂರ್ವಕ ವಂದನೆಗಳು.

ಇತಿ ತಮ್ಮ ವಿಶ್ವಾಸಿ,
ರಾಘವೇಂದ್ರ